ಹಾಳೆ ಮುಗಿದಲ್ಲಿ ವಾಕ್ಯ ಮುಗಿಯಲ್ಲ: ಫೋಟೊ ನೋಡಿ ದಸ್ತಾವೇಜು ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ

ಕುಷ್ಟಗಿಯಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮೊಬೈಲಿನಲ್ಲಿ ಹೊಡೆದ ಫೋಟೊ ತೋರಿಸಿ "ಇದನ್ನ ಟೈಪ್ ಮಾಡಿ ಕೊಡ್ರಿ" ಅನ್ನುವವರು ದಿನಾ ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಅಂಥದ್ದೇ ಒಂದು ಕೆಲಸ ಮಾಡಿ, ಅಣ್ಣ ತಮ್ಮ ಇಬ್ಬರು ಎರಡು ವಾರ ಮಾತು ಬಿಡುವ ಹಾಗೆ ಮಾಡಿದೆ. ನಾನು ಟೈಪ್ ಮಾಡಿದ್ದರಲ್ಲಿ ಅಕ್ಷರ ತಪ್ಪು ಇರಲಿಲ್ಲ. ಇದ್ದಿದ್ದರೆ ಯಾರಾದರೂ ಹಿಡಿಯುತ್ತಿದ್ದರು.

ಪಕ್ಕದ ಹಳ್ಳಿಯ ಕಾಕಾ ಒಬ್ಬರು ಬಂದಿದ್ದರು. 2006ರ ಪಾಲು ಪತ್ರ, ಆರು ಹಾಳೆ. ಮೂಲ ಪ್ರತಿ ಅವರ ಅಣ್ಣನ ಮನೆಯಲ್ಲಿದೆ, ಹೊರಗೆ ಕೊಡುವುದಿಲ್ಲ. ಅಣ್ಣನ ಮಗಳು ರಾತ್ರಿ ಟ್ಯೂಬ್‌ಲೈಟ್ ಕೆಳಗೆ, ಹಾಳೆಗಳನ್ನು ಮಂಚದ ಮೇಲೆ ಹರವಿ ಫೋಟೊ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಎಲ್ಲ ಓರೆ. ಒಂದೆರಡರಲ್ಲಿ ಅವಳ ಹೆಬ್ಬೆರಳೂ ಬಂದಿತ್ತು.

ನಾನು ಒಂದೊಂದೇ ಫೋಟೊವನ್ನು ಅಕ್ಷರ ಎತ್ತುವ ಪ್ರೋಗ್ರಾಮಿಗೆ ಕೊಟ್ಟೆ:

```
tesseract p3.jpg p3 -l kan --psm 6
```

ಬಂದದ್ದನ್ನು ತಿದ್ದಿದೆ, ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಜೋಡಿಸಿದೆ, ಪ್ರಿಂಟ್ ತೆಗೆದು ಕೊಟ್ಟೆ. ಕಾಕಾಗೆ ಓದಲು ಬರುವುದಿಲ್ಲ. ಮನೆಯಲ್ಲಿ ಮಗ ಓದಿದ. ಅದರಲ್ಲಿ ಹೀಗಿತ್ತು: "ಸದರಿ ಬಾವಿಯ ನೀರು ಹಾಗೂ ಬಾವಿಗೆ ಹೋಗುವ ಬಂಡಿ ದಾರಿಯ ಮೇಲೆ ಎರಡನೇ ಪಾರ್ಟಿಯವರಿಗೆ ಯಾವುದೇ ಹಕ್ಕು ಇರುವುದಿಲ್ಲ."

ಎರಡನೇ ಪಾರ್ಟಿ ಅಂದರೆ ಇದೇ ಕಾಕಾ. ಅಷ್ಟು ವರ್ಷ ಆ ಬಾವಿ ನೀರಿನಲ್ಲೇ ಅವರ ಹೊಲ ನಡೆದಿದೆ. "ನನಗ ಓದಾಕ ಬರಂಗಿಲ್ಲಂತ ನಮ್ಮಣ್ಣ ಹಿಂಗ ಬರೆಸ್ಯಾನ" ಅಂತ ಕೂತರು. ಅಣ್ಣನ ಮನೆ ಕಡೆ ಹೋಗುವುದೇ ಬಿಟ್ಟರು. ಕೊನೆಗೆ ಅಣ್ಣನೇ ಸಿಟ್ಟಿಗೆದ್ದು ಮೂಲ ಪತ್ರವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಹಾಳೆ ತಿರುಗಿಸಿ ನೋಡಿದಾಗ ನನ್ನ ಕೈ ತಣ್ಣಗಾಯಿತು.

ಮೂರನೇ ಹಾಳೆ ಮುಗಿಯುವುದು "ಬಂಡಿ ದಾರಿಯ ಮೇಲೆ ಎರಡನೇ ಪಾರ್ಟಿಯವರಿಗೆ" ಅಂತ. ನಾಲ್ಕನೇ ಹಾಳೆ ಶುರುವಾಗುವುದು "ಅರ್ಧ ಹಕ್ಕು ಇರುತ್ತದೆ" ಅಂತ. ನಾಲ್ಕನೇ ಹಾಳೆಯ ಕೊನೆ, "ಮನೆಯ ಹಿಂದಿನ ಹಿತ್ತಲ ಮೇಲೆ ಎರಡನೇ ಪಾರ್ಟಿಯವರಿಗೆ". ಐದನೇ ಹಾಳೆಯ ಶುರು, "ಯಾವುದೇ ಹಕ್ಕು ಇರುವುದಿಲ್ಲ". ಇಲ್ಲ ಅಂದದ್ದು ಹಿತ್ತಲಿಗೆ, ಬಾವಿಗಲ್ಲ. ಹುಡುಗಿ ಗ್ಯಾಲರಿಯಲ್ಲಿ ನಾಲ್ಕಕ್ಕಿಂತ ಮೊದಲು ಐದನ್ನು ಒತ್ತಿದ್ದಳು. ಹಾಗಾಗಿ ಅದೇ ಮೊದಲು ಬಂತು. ವಾಟ್ಸಾಪ್ ಫೈಲಿನ ಹೆಸರಲ್ಲಿ `WA0004`, `WA0005` ಅಂತ ಇರುತ್ತಲ್ಲ, ಅದು ಹಾಳೆಯ ನಂಬರಲ್ಲ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಇದೆಯೋ ಇಲ್ಲವೋ ಅನ್ನುವುದು ವಾಕ್ಯದ ಬಾಲದಲ್ಲೇ ಗೊತ್ತಾಗೋದು. ಹಾಳೆ ವಾಕ್ಯದ ನಡುವೆ ಮುಗಿದರೆ ಹೌದು, ಅಲ್ಲ ಎರಡೂ ಮುಂದಿನ ಹಾಳೆಗೆ ಹೋಗಿಬಿಡುತ್ತೆ. ದಸ್ತಾವೇಜಿನಲ್ಲಿ "ಎರಡನೇ ಪಾರ್ಟಿಯವರಿಗೆ" ಅನ್ನೋದು ನೂರು ಸಲ ಬರುತ್ತೆ, ಅದರ ಮುಂದೆ ಯಾವ ಬಾಲ ಅಂಟಿಸಿದರೂ ವ್ಯಾಕರಣ ಸರಿಯಾಗೇ ಇರುತ್ತೆ. ಓದಿ ನೋಡಿದೆ, ಸರಾಗವಾಗಿತ್ತು, ಬಿಟ್ಟೆ.

ಆದರೆ ನನಗೆ ಸುಳಿವು ಸಿಕ್ಕಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ನಡುವಿನ ಎರಡು ಹಾಳೆ ಅದಲು ಬದಲಾದರೆ ಕೆಡುವುದು ಒಂದು ಜೋಡಣೆ ಅಲ್ಲ, ಮೂರು. ಮೂರರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ. ಮೊದಲನೆಯದು ಚೆನ್ನಾಗಿ ಕೂತಿತ್ತು. ಎರಡನೆಯದು ಕೂತಿರಲಿಲ್ಲ. ಐದನೇ ಹಾಳೆ "ದಕ್ಷಿಣಕ್ಕೆ: ಹಳ್ಳ" ಅಂತ ಚಕ್ಕುಬಂದಿಯಲ್ಲಿ ಮುಗಿದಿತ್ತು, ಅದರ ಕೆಳಗೆ "ಅರ್ಧ ಹಕ್ಕು ಇರುತ್ತದೆ" ಅಂತ ತಲೆಯಿಲ್ಲದ ವಾಕ್ಯ. ನಾನೇನು ಮಾಡಿದೆ ಗೊತ್ತಾ? ಪ್ರೋಗ್ರಾಮ್ ಒಂದು ಪದ ನುಂಗಿದೆ ಅಂದುಕೊಂಡು, "ಅದರಲ್ಲಿ" ಅಂತ ಸೇರಿಸಿದೆ. ಹಳ್ಳದಲ್ಲಿ ಅರ್ಧ ಹಕ್ಕು! ಮೂರನೆಯದರಲ್ಲಿ ಹಿತ್ತಲ ವಾಕ್ಯಕ್ಕೆ ಬಾಲವೇ ಇರಲಿಲ್ಲ, ಅಲ್ಲೊಂದು ಕಾಮಾ ಹಾಕಿ ಮುಂದೆ ಹೋದೆ. ಇಡೀ ಕೆಲಸದಲ್ಲಿ ನನಗೆ ಇವತ್ತಿಗೂ ನಾಚಿಕೆ ಆಗುವುದು ಆ "ಅದರಲ್ಲಿ" ನೆನೆದಾಗ. ಎಲ್ಲಾದರೂ ಒಂದು ಕಡೆ ವಾಕ್ಯ ಜೋಲಾಡಿದರೆ, ಸರಿಯಾಗಿ ಕೂತ ಹಾಗೆ ಕಾಣುವ ಜೋಡಣೆಯನ್ನೂ ನಂಬಬೇಡಿ.

ಹಾಳೆ ನಂಬರು ಯಾಕೆ ನೋಡಲಿಲ್ಲ ಅಂತ ಕೇಳಬಹುದು. ಅದು ಕೆಳಗೆ ಬಲ ಮೂಲೆಯಲ್ಲಿತ್ತು, ಫೋಟೊ ಓರೆಯಾಗಿದ್ದರಿಂದ ಆ ಮೂಲೆಯೇ ಫೋಟೊದಲ್ಲಿಲ್ಲ. ಎಡ ಅಂಚಿನಲ್ಲಿ ಕಲಂ ನಂಬರುಗಳಿದ್ದವು. ಪ್ರೋಗ್ರಾಮ್ ಅವನ್ನು ಬಿಟ್ಟುಬಿಟ್ಟಿತ್ತು, ನಾನೂ ಫೋಟೊ ಹಿಗ್ಗಿಸಿ ನೋಡಲಿಲ್ಲ. ನೋಡಿದ್ದರೆ ನಾಲ್ಕನೇ ಹಾಳೆಯಲ್ಲಿ 7, 8, ಐದರಲ್ಲಿ 9 ಅಂತ ಇತ್ತು. ಅಲ್ಲಿಗೇ ಮುಗೀತಿತ್ತು.

ಓರೆ ಫೋಟೊದ ಇನ್ನೊಂದು ಕಾಟ ಆಮೇಲೆ ಗೊತ್ತಾಯಿತು. ಸಾಲು 16 ಸೆಂಟಿಮೀಟರ್ ಅಗಲ, ಸಾಲಿಂದ ಸಾಲಿಗೆ 8 ಮಿಲಿಮೀಟರ್ ಇದೆ ಅಂದ್ಕೊಳ್ಳಿ. ಬರೀ 3 ಡಿಗ್ರಿ ವಾಲಿದರೂ ಸಾಲಿನ ಬಲ ತುದಿ ಒಂದು ಸಾಲಿನಷ್ಟು ಮೇಲೋ ಕೆಳಗೋ ಹೋಗುತ್ತೆ. ಆಗ ಎಡ ಅರ್ಧ ಒಂದು ಸಾಲಿನದು, ಬಲ ಅರ್ಧ ಇನ್ನೊಂದರದು ಸೇರಿಬಿಡಬಹುದು. ಕೆಳಗೆ ಜೋತುಬೀಳುವ ಒತ್ತಕ್ಷರಗಳು ಪಕ್ಕದ ಸಾಲಿಗೆ ತಾಕಿ ಇನ್ನಷ್ಟು ಗೋಜಲು. ಹಾಳೆಯ ನಡುವೆ ಆದರೆ ಓದುವಾಗ ಹೇಗೋ ಗೊತ್ತಾಗುತ್ತೆ. ಕೊನೆಯ ಸಾಲಲ್ಲಿ ಆದರೆ ಗೊತ್ತಾಗಲ್ಲ, ಯಾಕಂದ್ರೆ ಅದರ ಒಂದು ತುದಿ ಫೋಟೊದಿಂದ ಹೊರಗೇ ಬಿದ್ದಿರುತ್ತೆ. ಎರಡನೇ ಹಾಳೆ ಹಾಗೇ ಆಗಿತ್ತು. "4 ಎಕರೆ" ಅಂತ ಮುಗಿದ ಹಾಗೆ ಕಂಡಿತ್ತು, ಮೂಲದಲ್ಲಿ ಅದರ ಮುಂದೆ "20 ಗುಂಟೆ" ಇತ್ತು. ಅರ್ಧ ಎಕರೆ ಹೋಯಿತು.

ಈಗ ನಾನು ಮೊದಲು ನೋಡುವುದು ಕೊನೆಯ ಸಾಲಿನ ಕೆಳಗೆ ಬಿಳಿ ಅಂಚು ಎಡ ಮೂಲೆಯಿಂದ ಬಲ ಮೂಲೆವರೆಗೆ ಕಾಣುತ್ತಾ ಅಂತ. ಕಾಣದಿದ್ದರೆ ಫೋಟೊ ವಾಪಸ್. ಬರೀ ವಾಲಿದ್ದರೆ ImageMagick ಪ್ರೋಗ್ರಾಮಿನ ಈ ಕಮಾಂಡಿನಿಂದ ನೆಟ್ಟಗಾಗುತ್ತೆ:

```
magick p3.jpg -deskew 40% p3n.jpg
```

ಆದರೆ ಮೊಬೈಲನ್ನು ಹಾಳೆಯ ಕಾಲ ಕಡೆಯಿಂದ ಬಾಗಿಸಿ ಹಿಡಿದಿದ್ದರೆ ಕೆಳಭಾಗ ಅಗಲ, ಮೇಲ್ಭಾಗ ಕಿರಿದು ಆಗಿರುತ್ತೆ. ತಿರುಗಿಸಿದರೆ ಅದು ಸರಿಹೋಗಲ್ಲ. ನಾಲ್ಕೂ ಮೂಲೆ ಗುರುತಿಸಿ ಎಳೆಯುವ ಸ್ಕ್ಯಾನ್ ಆ್ಯಪ್ ಬೇಕು.

ಆಮೇಲೆ ಒಂದು ಚೀಟಿಯಲ್ಲಿ ಪ್ರತಿ ಹಾಳೆಯ ಕೊನೆಯ ಐದು ಪದ, ಮೊದಲ ಐದು ಪದ ಬರೆದುಕೊಳ್ಳುತ್ತೇನೆ. ಸಹಿ, ಹೆಬ್ಬೆಟ್ಟು, ಸೀಲು ಇವನ್ನೆಲ್ಲ ಬಿಟ್ಟು, ವಾಕ್ಯದ ಪದಗಳು ಮಾತ್ರ. ಒಂದೊಂದು ಕೊನೆಯನ್ನೂ ಎಲ್ಲ ಮೊದಲುಗಳ ಜೊತೆ ಇಟ್ಟು ಓದುತ್ತೇನೆ, ಪಕ್ಕದ ಹಾಳೆಯ ಜೊತೆ ಮಾತ್ರ ಅಲ್ಲ. ಒಂದು ಕೊನೆಗೆ ಎರಡು ಮೊದಲು ಹೊಂದಿದರೆ ಅರ್ಥ ನೋಡಿ ನಾನು ತೀರ್ಮಾನ ಮಾಡಲ್ಲ. ಕಲಂ ನಂಬರು ಅಥವಾ ಹಾಳೆ ನಂಬರು ಕಂಡರೇನೇ ಜೋಡಿಸೋದು. ಕಾಣದಿದ್ದರೆ ಆ ಜಾಗದಲ್ಲಿ "ಇಲ್ಲಿ ಜೋಡಣೆ ಖಚಿತವಿಲ್ಲ" ಅಂತ ಪ್ರಿಂಟಿನಲ್ಲೇ ಹಾಕುತ್ತೇನೆ. ನನ್ನ ಕಡೆಯಿಂದ ಒಂದು ಪದವೂ ಇಲ್ಲ.

ಕಾಕಾಗೆ ದುಡ್ಡು ವಾಪಸ್ ಕೊಟ್ಟೆ, ಹೊಸದಾಗಿ ಟೈಪ್ ಮಾಡಿಯೂ ಕೊಟ್ಟೆ. ಅಣ್ಣ ತಮ್ಮ ಇಬ್ಬರೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಅಣ್ಣ ಮೂಲ ಓದುವುದು, ನಾನು ಪ್ರಿಂಟಿನ ಮೇಲೆ ಬೆರಳಿಡುವುದು. "ಬಂಡಿ ದಾರಿಯ ಮೇಲೆ ಎರಡನೇ ಪಾರ್ಟಿಯವರಿಗೆ" ಅಂತ ಓದಿ ಅವರು ಹಾಳೆ ತಿರುಗಿಸಲು ನಿಂತರು. ಕಾಕಾಗೆ ತಡೆಯಲಾಗಲಿಲ್ಲ, "ಮುಂದ ಓದಣ್ಣಾ, ಅಲ್ಲೇ ನಿಂದ್ರಬ್ಯಾಡ" ಅಂದರು.