ಅಲರ್ಜಿ ಇಂಜೆಕ್ಷನ್, ಮೂರು ವರ್ಷದ ನಂತರ: ಐಜಿಇ ಏರಿದ್ದು ನೋಡಿ ಬಿಡಬೇಡಿ

ಡಸ್ಟ್ ಮೈಟ್, ಅಂದರೆ ಹಾಸಿಗೆ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳ, ಅದರ ಅಲರ್ಜಿಗೆ ಮೂರು ವರ್ಷ ಇಂಜೆಕ್ಷನ್ ತೆಗೆದುಕೊಂಡು ಕಳೆದ ತಿಂಗಳು ಮುಗಿಸಿದೆ. ಮೊದಲೆಲ್ಲ ಹಾಸಿಗೆ ಕೊಡವಿದರೆ ಸಾಕು, ಸಾಲಾಗಿ ಸೀನು, ಮೂಗು ಕಟ್ಟಿ ರಾತ್ರಿಯಿಡೀ ಬಾಯಲ್ಲೇ ಉಸಿರಾಟ. ಈಗ ಆ ಕಾಟ ಬಹುಪಾಲು ಇಲ್ಲ. ಆದರೆ ಏಳನೇ ತಿಂಗಳಲ್ಲಿ ಬಿಟ್ಟೇಬಿಡುವವಳಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ವಾರಕ್ಕೊಂದು ಇಂಜೆಕ್ಷನ್. ಸಾವಿರ ಪಟ್ಟು ತೆಳು ಮಾಡಿದ ಮದ್ದು, ಅದೂ 0.05 ಮಿಲಿ. ವಾರವಾರ ಸ್ವಲ್ಪ ಜಾಸ್ತಿ ಮಾಡಿ, ಆ ಬಾಟಲಿ ಮುಗಿದ ಮೇಲೆ ಹತ್ತು ಪಟ್ಟು ಗಟ್ಟಿಯಾದದ್ದು. ಆರು ತಿಂಗಳಿಗೆ ಪೂರ್ತಿ ಡೋಸ್ ಮುಟ್ಟಿತು. ಆಮೇಲೆ ನಾಲ್ಕು ವಾರಕ್ಕೊಮ್ಮೆ.

ಏಳನೇ ತಿಂಗಳ ರಕ್ತಪರೀಕ್ಷೆಯಲ್ಲಿ ಐಜಿಇ, ಅಂದರೆ ಮೈಟ್ ವಿರುದ್ಧ ಅಲರ್ಜಿ ಎಬ್ಬಿಸುವ ಪ್ರತಿಕಾಯ, 18ರಿಂದ 31ಕ್ಕೆ ಏರಿತ್ತು. ಕಣ್ಣಲ್ಲಿ ನೀರು ಬಂತು. ಡಾಕ್ಟರ್ ರಿಪೋರ್ಟ್ ನೋಡಿ, "ಮೊದಮೊದಲು ಇದು ಏರುತ್ತದಮ್ಮಾ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ನಿಮಗೆ ಸೀನು ಕಡಿಮೆಯಾಗಿದೆಯಾ, ಅದನ್ನು ಹೇಳಿ" ಎಂದರು. ಆಗಿತ್ತು.

ಅವರು ವಿವರಿಸಿದ್ದು ಹೀಗೆ. ಐಜಿಇ ನಮ್ಮ ಮಾಸ್ಟ್ ಕೋಶಗಳ ಮೈಮೇಲೆ ಅಂಟಿಕೊಂಡು ಕಾಯುತ್ತಿರುತ್ತದೆ. ಮೈಟ್‌ನ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಕೋಶ ಸೀನು ತರಿಸುವ ಹಿಸ್ಟಮಿನ್ ಸುರಿಯುತ್ತದೆ. ಇಂಜೆಕ್ಷನ್ನಿನಲ್ಲಿ ಅದೇ ಪ್ರೋಟೀನನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಕೊಟ್ಟಾಗ, ಪ್ರತಿಕ್ರಿಯೆಯನ್ನು ತಣಿಸುವ ಟಿ ಕೋಶಗಳು ಹೆಚ್ಚುತ್ತವೆ. ಅವು ಬಿಡುವ ಐಎಲ್-10 ಎಂಬ ಸಂದೇಶದ ವಸ್ತು ಸಿಕ್ಕಾಗ, ಪ್ರತಿಕಾಯ ತಯಾರಿಸುವ ಬಿ ಕೋಶಗಳು ಐಜಿಜಿ4 ಎಂಬ ಬೇರೆ ಪ್ರತಿಕಾಯ ಮಾಡಲು ತೊಡಗುತ್ತವೆ. ಈ ಐಜಿಜಿ4 ರಕ್ತದಲ್ಲಿ, ಮೂಗಿನ ದ್ರವದಲ್ಲಿ ಓಡಾಡುತ್ತಾ ಪ್ರೋಟೀನನ್ನು ಕೋಶ ತಲುಪುವ ಮೊದಲೇ ಹಿಡಿದುಬಿಡುತ್ತದೆ. ಐಜಿಇ ಅಲ್ಲೇ ಇರುತ್ತದೆ, ಆದರೆ ಅದಕ್ಕೆ ಸಿಗುವುದು ಕಡಿಮೆ. 1935ರಲ್ಲೇ ಕುಕ್ ಎಂಬ ವೈದ್ಯ ಮತ್ತು ಸಂಗಡಿಗರು, ಚಿಕಿತ್ಸೆ ಪಡೆದವರ ಸೀರಂನಲ್ಲಿ ಹೀಗೆ ಅಡ್ಡಗಟ್ಟುವ ಅಂಶವಿದೆ ಎಂದು ತೋರಿಸಿದ್ದರಂತೆ.

ಐಜಿಜಿ4 ಎಷ್ಟಿದೆ ಎಂದು ಪದೇಪದೇ ಪರೀಕ್ಷೆ ಮಾಡಿಸಬೇಡಿ. ಅದು ಏರಿದವರೆಲ್ಲರಿಗೂ ಒಂದೇ ಥರ ಗುಣವಾಗುವುದಿಲ್ಲ. ನಾನು ಪ್ರತಿದಿನ ಸೀನು, ಮೂಗಿನ ಸ್ಪ್ರೇ, ಮಾತ್ರೆ ಬರೆದಿಟ್ಟೆ. ದಾರಿ ತೋರಿಸಿದ್ದು ಆ ಡೈರಿಯೇ.

ತೊಂದರೆಯೂ ಇತ್ತು. ಎರಡು ಸಲ ತೋಳಿನಲ್ಲಿ ಅಂಗೈ ಅಗಲ ಊದಿ ಎರಡು ದಿನ ಉಳಿಯಿತು. ಜ್ವರ ಬಂದು ಡೋಸ್ ತಪ್ಪಿದಾಗ ಹಿಂದಿನದಕ್ಕಿಂತ ಕಡಿಮೆಯಿಂದ ಮತ್ತೆ ಏರಬೇಕಾಯಿತು. ಪ್ರತಿ ಸಲ ಮೂವತ್ತು ನಿಮಿಷ ಕ್ಲಿನಿಕ್ಕಿನಲ್ಲೇ ಕೂರಬೇಕು, ಎದ್ದು ಹೋಗಲೇಬೇಡಿ. ಜೋರಾದ ಪ್ರತಿಕ್ರಿಯೆ ಬಂದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ. ಆಸ್ತಮಾ ಹಿಡಿತದಲ್ಲಿ ಇಲ್ಲದವರು ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಕೊನೆಯ ಪರೀಕ್ಷೆಯಲ್ಲಿ ಐಜಿಇ 14. ಚರ್ಮದ ಪರೀಕ್ಷೆಯಲ್ಲಿ ಗುಳ್ಳೆ ಈಗಲೂ ಏಳುತ್ತದೆ, ಮೊದಲಿಗಿಂತ ಸಣ್ಣದು. ನಿನ್ನೆ ಹಾಸಿಗೆ ಕೊಡವಿದೆ. ಎರಡು ಸೀನು ಬಂತು, ಅಷ್ಟೇ.