ಹೋಮ್‌ಸ್ಟೇ ವೆಬ್‌ಸೈಟ್ ಮಾಡುವವರೇ, ಸಿಟ್ಟಿನ ಮೆಸೇಜ್ ಕಳಿಸಬೇಡಿ, ಮೇಲ್ ಬರೆಯಿರಿ

ಶಿರಸಿ, ಕುಮಟಾ, ಹೊನ್ನಾವರ ಕಡೆ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವವರು ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ಗೋಕರ್ಣದ ಹತ್ತಿರದ ಒಂದು ಹೋಮ್‌ಸ್ಟೇ ಕೆಲಸ. ನಮ್ಮ ಭಾವನ ಪರಿಚಯದವರು. ಒಪ್ಪಿದ್ದು ಐದು ಪುಟ, ಫೋಟೋ ಗ್ಯಾಲರಿ, ವಿಚಾರಣೆಯ ಫಾರ್ಮ್, ಎರಡು ಸುತ್ತು ತಿದ್ದುಪಡಿ. ಒಟ್ಟು ₹35,000, ಅರ್ಧ ಅಡ್ವಾನ್ಸ್. ಕೊಟೇಶನ್ ಮೇಲ್‌ನಲ್ಲಿ ಕಳಿಸಿದ್ದೆ, ಅವರು ಓಕೆ ಅಂದಿದ್ದೂ ಮೇಲ್‌ನಲ್ಲೇ ಇದೆ.

ಆಮೇಲೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಶುರುವಾಯಿತು. ಬಣ್ಣ ಬದಲಿಸು, ಕನ್ನಡದಲ್ಲೂ ಹಾಕು. ಕೊನೆಗೆ, "ಆನ್‌ಲೈನ್ ಬುಕಿಂಗ್ ಇಡು, ದುಡ್ಡೂ ಅಲ್ಲೇ ಕಟ್ಟುವ ಹಾಗೆ. ಒಂದು ಬಟನ್ ಅಷ್ಟೇ ಅಲ್ವಾ ತಮ್ಮಾ?"

ಒಂದು ಬಟನ್ ಅಲ್ಲ. ಪೇಮೆಂಟ್ ಗೇಟ್‌ವೇಯವರು ಮಾಲೀಕರ ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾರೆ, ಸೈಟ್‌ನಲ್ಲಿ ರೀಫಂಡ್ ನಿಯಮದ ಪುಟ ಇದೆಯಾ ಅಂತ ನೋಡುತ್ತಾರೆ. ಒಂದೇ ರೂಮನ್ನು ಒಂದೇ ಹೊತ್ತಿಗೆ ಇಬ್ಬರು ಬುಕ್ ಮಾಡಲು ಹೋದರೆ ಒಬ್ಬರನ್ನು ತಡೆಯಬೇಕು. ದುಡ್ಡು ಕಟ್ ಆಗಿ, ಅಷ್ಟರಲ್ಲಿ ನೆಟ್‌ವರ್ಕ್ ಹೋದರೆ? ಗೇಟ್‌ವೇಯಿಂದ ನಮ್ಮ ಸರ್ವರ್‌ಗೆ ನೇರವಾಗಿ ಸುದ್ದಿ ಬರುವ ವ್ಯವಸ್ಥೆ ಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟವನಿಗೆ ರೂಮಿಲ್ಲ. ಇವರ ರೂಮುಗಳು ಬೇರೆ ಬುಕಿಂಗ್ ಸೈಟ್‌ಗಳಲ್ಲೂ ಇವೆ. ಅಲ್ಲಿನ ಕ್ಯಾಲೆಂಡರ್ ಜೋಡಿಸಿದರೂ ಅದು ತಡವಾಗಿ ಅಪ್‌ಡೇಟ್ ಆಗುತ್ತದೆ, ಆ ನಡುವೆ ಡಬಲ್ ಬುಕಿಂಗ್ ಆಗಬಹುದು.

ಆ ವಾಯ್ಸ್ ಮೆಸೇಜ್ ಕೇಳಿದೆ ಅಂತ ತಿಳಿಸಲು ಹೆಬ್ಬೆರಳಿನ ಚಿಹ್ನೆ ಹಾಕಿದ್ದೆ. ನಾವೆಲ್ಲ ಹಾಕುತ್ತೇವೆ ಅಲ್ವಾ? ಬಾಕಿ ಕೇಳಿದಾಗ ಅದರದ್ದೇ ಸ್ಕ್ರೀನ್‌ಶಾಟ್ ಬಂತು. "ನೀನೇ ಒಪ್ಪಿದ್ದೀಯಲ್ಲ. ಬುಕಿಂಗ್ ಆದಮೇಲೆ ಬಾಕಿ." ಓದಿದಾಗ ಮೈ ಉರಿದುಹೋಯಿತು. "ನಾನೇನು ಪುಕ್ಕಟೆ ಕೆಲಸದವನಾ? ದಿನಕ್ಕೊಂದು ಸೇರಿಸುತ್ತೀರಿ, ಮನುಷ್ಯತ್ವ ಇಲ್ವಾ?" ಅಂತ ಬರೆದು ಕಳಿಸಿದೆ. ಅವರು ಉತ್ತರ ಕೊಡಲಿಲ್ಲ. ನನ್ನ ಮೆಸೇಜನ್ನು ಭಾವನಿಗೆ ಕಳಿಸಿದರು, ತಮ್ಮ ಹೋಮ್‌ಸ್ಟೇ ಮಾಲೀಕರ ಗ್ರೂಪಿಗೂ ಹಾಕಿದರು. ತಮ್ಮ ವಾಯ್ಸ್ ಮೆಸೇಜ್ ಹಾಕಲಿಲ್ಲ, ನನ್ನ ಸಿಟ್ಟು ಮಾತ್ರ. ಭಾವ ಫೋನ್ ಮಾಡಿ, "ಹಿರಿಯರ ಹತ್ತಿರ ಹೀಗಾ ಮಾತಾಡೋದು?" ಅಂದ. ಕೆಲಸ ಜಾಸ್ತಿ ಮಾಡಿಸಿದವರು ಅವರು, ತಲೆ ತಗ್ಗಿಸಿದ್ದು ನಾನು. ಇದು ಇವತ್ತಿಗೂ ಚುಚ್ಚುತ್ತದೆ.

ಅದೇ ಮಾತನ್ನು ಆಮೇಲೆ ಮೇಲ್‌ನಲ್ಲಿ ಬರೆದೆ. ಹಳೆಯ ಕೊಟೇಶನ್ ಮೇಲ್‌ಗೇ ರಿಪ್ಲೈ ಮಾಡಿದೆ, ಅವರ ಓಕೆ ಕೆಳಗೆ ಕಾಣಲಿ ಅಂತ.

"ನಮಸ್ಕಾರ. ವಿಷಯ: ಬದಲಾವಣೆ ಕೋರಿಕೆ 1, ಆನ್‌ಲೈನ್ ಬುಕಿಂಗ್ ಮತ್ತು ಪೇಮೆಂಟ್. ನಾವು ಒಪ್ಪಿದ ಕೊಟೇಶನ್‌ನಲ್ಲಿ ವಿಚಾರಣೆಯ ಫಾರ್ಮ್ ಇದೆ, ಬುಕಿಂಗ್ ಇಲ್ಲ. ಇದನ್ನು ಸೇರಿಸಲು ₹18,000 ಹೆಚ್ಚುವರಿ, ನಿಮ್ಮ ದಾಖಲೆ ಸಿಕ್ಕ ಮೇಲೆ 12 ಕೆಲಸದ ದಿನ. ಬೇಡವಾದರೆ, ತಾರೀಖು ಆರಿಸಿ ನಿಮ್ಮ ವಾಟ್ಸಾಪಿಗೆ ವಿಚಾರಣೆ ಕಳಿಸುವ ಬಟನ್ ಈಗಿನ ಬೆಲೆಯಲ್ಲೇ ಕೊಡುತ್ತೇನೆ. ಯಾವುದು ಬೇಕು ಅಂತ ಶುಕ್ರವಾರದೊಳಗೆ ಈ ಮೇಲ್‌ಗೇ ತಿಳಿಸಿ. ಉತ್ತರ ಬರದಿದ್ದರೆ ಒಪ್ಪಿದ ಐದು ಪುಟ ಮುಗಿಸಿ ಬಾಕಿ ಬಿಲ್ ಕಳಿಸುತ್ತೇನೆ."

ಮೊದಲ ಕರಡಿನಲ್ಲಿ "ತಪ್ಪು ತಿಳಿಯಬೇಡಿ", "ಸಾಧ್ಯವಾದರೆ ಸ್ವಲ್ಪ ನೋಡಿ ಕೊಡಿ" ಅಂತೆಲ್ಲ ಇತ್ತು. ತೆಗೆದುಬಿಟ್ಟೆ. ಅದನ್ನು ನೋಡಿದರೆ ಚೌಕಾಸಿ ಶುರು ಮಾಡುತ್ತಾರೆ. "ದಿನಕ್ಕೊಂದು ಸೇರಿಸುತ್ತೀರಿ" ಅನ್ನುವ ಸಾಲೂ ತೆಗೆದೆ. ಏನು ಒಪ್ಪಿದ್ದೆವು, ಏನು ಹೊಸದು, ಎಷ್ಟು ದುಡ್ಡು, ಯಾವತ್ತಿನೊಳಗೆ ಉತ್ತರ ಬೇಕು, ಇಷ್ಟೇ ಉಳಿಯಿತು. ಇದನ್ನು ಯಾವ ಗ್ರೂಪಿಗೆ ಹಾಕಿದರೂ ನನಗೆ ನಾಚಿಕೆಯಿಲ್ಲ.

ಅವರು ಫೋನ್ ಮಾಡಿದರು. "ಮೇಲ್ ಎಲ್ಲ ಯಾಕೆ, ನಮ್ಮವರೇ ಅಲ್ವಾ? ಅದೇ ದುಡ್ಡಲ್ಲಿ ಮಾಡಿಬಿಡು." "ಮೇಲ್‌ನಲ್ಲಿ ಹೇಳಿದ್ದೇ ಕೊನೆ, ಅಲ್ಲೇ ಬರೆಯಿರಿ" ಅಂದೆ. ಫೋನ್ ಇಟ್ಟ ತಕ್ಷಣ, ಏನು ಮಾತಾಯಿತು ಅಂತ ಎರಡು ಸಾಲು ಮೇಲ್ ಕಳಿಸಿದೆ. ಗುರುವಾರ ರಾತ್ರಿ ಉತ್ತರ ಬಂತು: "ವಾಟ್ಸಾಪ್ ಬಟನ್ ಸಾಕು." ಅಷ್ಟೇ! ಇಷ್ಟಕ್ಕಾಗಿ ನನ್ನ ಮರ್ಯಾದೆ ತೆಗೆದರಾ?

ಬಾಕಿಯಲ್ಲಿ ₹10,000 ಬಂದಿದೆ, ₹7,500 ಇನ್ನೂ ಬಂದಿಲ್ಲ. ಡೊಮೇನ್ ಅವರದ್ದು, ಅದನ್ನು ಹಿಡಿದಿಟ್ಟುಕೊಳ್ಳುವ ಕೆಲಸ ನಾನು ಮಾಡುವುದಿಲ್ಲ. ಆದರೆ ನಾನು ಮಾಡಿದ ಸೈಟ್ ಮಾತ್ರ ಪೂರ್ತಿ ದುಡ್ಡು ಬರುವವರೆಗೆ ಪರೀಕ್ಷೆಯ ವಿಳಾಸದಲ್ಲೇ ಇರುತ್ತದೆ. ಅದನ್ನೂ ಮೇಲ್‌ನಲ್ಲೇ ತಿಳಿಸಿದ್ದೇನೆ. ನೀವಾದರೂ ವಾಯ್ಸ್ ಮೆಸೇಜ್‌ಗೆ ಹೆಬ್ಬೆರಳು ಹಾಕಬೇಡಿ. "ಕೇಳಿದೆ, ಬೆಲೆ ಮೇಲ್‌ನಲ್ಲಿ ಕಳಿಸುತ್ತೇನೆ" ಅಂತ ಟೈಪ್ ಮಾಡಿ.