ವಿದೇಶದಿಂದ ತರಿಸುವ ಪಾರ್ಸೆಲ್ ಮೇಲೆ ‘ಗಿಫ್ಟ್’ ಅಂತ ಬರೆಯಲು ಬಿಡಬೇಡಿ

ಹೊರದೇಶದ ಅಂಗಡಿಗಳಿಂದ ಸಾಮಾನು ತರಿಸುವವರಿಗೆ ಈ ಬರಹ. ಅದರಲ್ಲೂ “ಡಬ್ಬದ ಮೇಲೆ ಗಿಫ್ಟ್ ಅಂತ ಹಾಕಿಸಿ, ಬೆಲೆ ಕಮ್ಮಿ ಬರೆಸಿ, ಸುಂಕ ಬೀಳಲ್ಲ” ಅನ್ನುವ ಸಲಹೆ ಎಲ್ಲಾದರೂ ಕಿವಿಗೆ ಬಿದ್ದಿದ್ದರೆ ಪೂರ್ತಿ ಓದಿ. ನನಗೆ ಆ ಸಲಹೆ ಯಾರೂ ಕೊಡಲಿಲ್ಲ. ಮಾರಿದವನೇ ಕೇಳದೆ ಉಪಕಾರ ಮಾಡಿಬಿಟ್ಟ.

2022ರ ಕೊನೆಯಲ್ಲಿ ನನ್ನ ಟೆಲಿಸ್ಕೋಪಿಗೆ ಒಂದು ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಬೇಕಿತ್ತು. ಇಲ್ಲಿ ಸಿಗಲಿಲ್ಲ, ಅಮೆರಿಕದ ಒಂದು ಸಣ್ಣ ಅಂಗಡಿಯಿಂದ ತರಿಸಿದೆ. ಐಪೀಸಿಗೆ 14,800 ರೂಪಾಯಿ, ಸಾಗಣೆಗೆ 3,000, ವಿಮೆಗೆ 200, ಒಟ್ಟು 18,000. ಅಲ್ಲಿಂದ ಹೊರಟ ಪಾರ್ಸೆಲ್ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದು ಅಲ್ಲೇ ಕೂತಿತು. ಟ್ರ್ಯಾಕಿಂಗ್‌ನಲ್ಲಿ ದಿನವೂ ಅದೇ ಸಾಲು, ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ ಅಂತ. ಕಾರಣ ಮಾತ್ರ ಇಲ್ಲ.

ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ವಿಭಾಗದವರನ್ನು ಫೋನಿನಲ್ಲಿ ಹಿಡಿಯುವಷ್ಟರಲ್ಲಿ ಸಾಕುಸಾಕಾಯಿತು. ಸಿಕ್ಕ ಹುಡುಗ ಮಾತ್ರ ನೇರ ಮನುಷ್ಯ. “ಸಾರ್, ಡಬ್ಬದ ಮೇಲೆ ಗಿಫ್ಟ್ ಅಂತ ಇದೆ, ಬೆಲೆ ಇಪ್ಪತ್ತೈದು ಡಾಲರ್ ಅಂತ ಇದೆ. ಒಳಗಿರೋ ಅಂಗಡಿ ಚೀಟಿ ಬೇರೆ ಹೇಳ್ತಿದೆ. ನೀವು ದುಡ್ಡು ಕಟ್ಟಿದ್ದಕ್ಕೆ ಪುರಾವೆ ಕಳಿಸಿ” ಅಂದ. ಅಂಗಡಿಯವನಿಗೆ ಮೇಲ್ ಹಾಕಿದರೆ, ನಿಮಗೆ ತೆರಿಗೆ ಉಳಿಯಲಿ ಅಂತ ಎಲ್ಲ ಗಿರಾಕಿಗಳಿಗೂ ಹೀಗೇ ಮಾಡ್ತೇವೆ ಎಂಬ ಉತ್ತರ ಬಂತು. ಎಲ್ಲೋ ಯಾವುದೋ ದೇಶದಲ್ಲಿ ಅದು ನಡೆಯುತ್ತಿರಬಹುದು. ನಮ್ಮಲ್ಲಿ ನಡೆಯುವುದಿಲ್ಲ.

ಹಿಂದೆ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಆನ್‌ಲೈನ್ ಅಂಗಡಿಗಳು ಮಾರಿದ ಮಾಲನ್ನೆಲ್ಲ ಗಿಫ್ಟ್ ಹೆಸರಿನಲ್ಲಿ ಒಳಗೆ ಬಿಡತೊಡಗಿದ ಮೇಲೆ, 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಈಗ ಅಂಚೆ ಅಥವಾ ಕೊರಿಯರ್‌ನಲ್ಲಿ ಸುಂಕವಿಲ್ಲದೆ ಗಿಫ್ಟ್ ಅಂತ ಬಿಡಿಸಿಕೊಳ್ಳಲು ಅವಕಾಶ ಇರುವುದು ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ. ರಾಖಿಯ ಜೊತೆ ಕಳಿಸಿದ ಉಡುಗೊರೆಗೂ ಇಲ್ಲ! ಪೂರ್ತಿ ಸುಂಕ ಕಟ್ಟಿದರೆ ಗಿಫ್ಟ್ ತರಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಅಂದಮೇಲೆ ಆ ಪದ ಬರೆಸಿ ಒಂದು ಪೈಸೆಯೂ ಉಳಿಯುವುದಿಲ್ಲ, ಅಧಿಕಾರಿಯ ಕಣ್ಣು ಬೀಳುತ್ತದೆ ಅಷ್ಟೇ. ನ್ಯೂಜೆರ್ಸಿಯ ಅಕ್ಕ ನಿಜವಾಗಿಯೂ ತಮ್ಮನಿಗೆ ಶೂ ಕಳಿಸಿದರೂ ಇದೇ ಲೆಕ್ಕ.

ಬೆಲೆಯ ವಿಷಯ ಇದಕ್ಕಿಂತ ಗಂಭೀರ. ಬರೆದ ಬೆಲೆ ನಂಬುವಂತಿಲ್ಲ ಅನ್ನಿಸಿದರೆ ಅದನ್ನು ತಳ್ಳಿಹಾಕಿ ಬೇರೆ ಬೆಲೆ ಕಟ್ಟುವ ಅಧಿಕಾರ ಕಸ್ಟಮ್ಸ್‌ಗೆ ಇದೆ. ಸುಳ್ಳು ವಿವರ ಕೊಟ್ಟ ಮಾಲನ್ನು ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಅಡಿ ಮುಟ್ಟುಗೋಲು ಹಾಕಬಹುದು, ಮೇಲೆ ದಂಡವನ್ನೂ ವಿಧಿಸಬಹುದು. ಬರೆದವನು ಅಮೆರಿಕದಲ್ಲಿ ಕೂತಿದ್ದಾನೆ, ಆದರೆ ಆಮದು ಮಾಡಿಕೊಂಡವನು ಅಂತ ಕಾಗದದಲ್ಲಿ ಇರುವುದು ನಿಮ್ಮ ಹೆಸರು. ನನಗೇನೂ ಗೊತ್ತಿರಲಿಲ್ಲ ಅನ್ನುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ನಾನು ಆರ್ಡರಿನ ಇನ್‌ವಾಯ್ಸ್, ಕಾರ್ಡ್ ಸ್ಟೇಟ್‌ಮೆಂಟಿನ ಆ ಒಂದು ಪುಟ, ಅಂಗಡಿಯವನ ಮೇಲ್ ಮೂರನ್ನೂ ಕಳಿಸಿದೆ. ನಿಜವಾದ ಬೆಲೆಯ ಮೇಲೆ ಮತ್ತೆ ಲೆಕ್ಕ ಹಾಕಿದರು, ದಂಡ ಹಾಕಲಿಲ್ಲ.

ಲೆಕ್ಕ ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಿ, ಹೆಚ್ಚಿನವರು ಬೇಸ್ತು ಬೀಳುವುದು ಇಲ್ಲೇ. ಸುಂಕ ಬೀಳುವುದು ಸಾಮಾನಿನ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆಯೂ ಸೇರಿದ ಮೊತ್ತದ ಮೇಲೆ. ಅಂದರೆ ನನ್ನ ವಿಷಯದಲ್ಲಿ 18,000ದ ಮೇಲೆ. ಸ್ವಂತ ಬಳಕೆಗೆ ತರಿಸುವ ಸಾಮಾನಿಗೆ ಆಗ ಮೂಲ ಸುಂಕ ಶೇ. 35, ಅದು 6,300 ಆಯಿತು. ಆ ಸುಂಕದ ಮೇಲೆ ಶೇ. 10ರಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್, 630. ಈ ಎರಡನ್ನೂ 18,000ಕ್ಕೆ ಕೂಡಿದರೆ 24,930. ಈಗ ಐಜಿಎಸ್‌ಟಿ, ಅಂದರೆ ಆಮದು ಮಾಲಿಗೆ ಹಾಕುವ ಜಿಎಸ್‌ಟಿ, ಬೀಳುವುದು ಈ ಕೂಡಿಸಿದ ಮೊತ್ತದ ಮೇಲೆ, ಅಂದರೆ ತೆರಿಗೆಯ ಮೇಲೂ ತೆರಿಗೆ. ಆಗಿನ ಶೇ. 28ರಂತೆ 6,980. ಮೂರೂ ಸೇರಿ 13,910 ರೂಪಾಯಿ. ಹದಿನಾಲ್ಕು ಸಾವಿರದ ಐಪೀಸಿಗೆ ಹತ್ತಿರ ಹತ್ತಿರ ಇನ್ನೊಂದು ಐಪೀಸಿನ ದುಡ್ಡು.

ದರಗಳು ಆಮೇಲೆ ಇಳಿದಿವೆ. ಸ್ವಂತ ಬಳಕೆಯ ಸಾಮಾನಿನ ಐಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಬಂತು, ಅಷ್ಟರಲ್ಲಿ ಶೇ. 20ಕ್ಕೆ ಬಂದಿದ್ದ ಮೂಲ ಸುಂಕವನ್ನು 10ಕ್ಕೆ ಇಳಿಸುವುದಾಗಿ 2026ರ ಬಜೆಟ್‌ನಲ್ಲಿ ಹೇಳಿದರು. ಲೆಕ್ಕದ ದಾರಿ ಮಾತ್ರ ಅದೇ. ಆರ್ಡರ್ ಮಾಡುವ ದಿನದ ದರ ಹಾಕಿ ಮೊದಲೇ ಕೂಡಿಸಿ ನೋಡಿಕೊಳ್ಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಸುಂಕವನ್ನು ನನ್ನ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ 800, ಮಾಲು ಟರ್ಮಿನಲ್‌ನಲ್ಲಿ ಕೂತಿದ್ದಕ್ಕೆ ಗೋದಾಮು ಬಾಡಿಗೆ 1,200, ಎರಡಕ್ಕೂ ಶೇ. 18 ಜಿಎಸ್‌ಟಿ. ಒಟ್ಟು 2,360. ಇದರಲ್ಲಿ ಬಾಡಿಗೆಯ ಭಾಗ ಪೂರ್ತಿ ಆ ‘ಗಿಫ್ಟ್’ ಚೀಟಿಯ ಪ್ರಸಾದ. ಡೆಲಿವರಿಯ ಹುಡುಗ ತಂದ ಬಿಲ್ಲಿನಲ್ಲಿ ಎಲ್ಲ ಸೇರಿ ಒಂದೇ ಅಂಕಿ ಇತ್ತು. ಹಾಗೆ ಬಂದರೆ ಬಿಲ್ ಆಫ್ ಎಂಟ್ರಿಯ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆಯ, ಪ್ರತಿ ಕೇಳಿ ಪಡೆಯಿರಿ. ಸುಂಕ, ತೆರಿಗೆ ಅಂತ ಸರ್ಕಾರಕ್ಕೆ ಹೋದದ್ದೆಷ್ಟು ಅನ್ನುವುದು ಅದರಲ್ಲಿ ಬಿಡಿಸಿಕೊಂಡು ಕಾಣುತ್ತದೆ, ಮಿಕ್ಕಿದ್ದು ಕಂಪನಿ ವಸೂಲು ಮಾಡಿದ್ದು. ಅಂಚೆಯಲ್ಲಿ ಬಂದರೆ ಸುಂಕವನ್ನು ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ವಸೂಲು ಮಾಡುತ್ತಾರೆ.

ಇಷ್ಟು ಕಟ್ಟುವ ಬದಲು ಪಾರ್ಸೆಲ್ಲೇ ಬೇಡ ಅನ್ನಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಅದಕ್ಕೆ ದಾರಿಯಿದೆ. ಬಿಡುಗಡೆಯ ಆದೇಶ ಆಗುವ ಮೊದಲು ಮಾಲಿನ ಹಕ್ಕು ಬಿಟ್ಟುಕೊಟ್ಟರೆ ಸುಂಕ ಕಟ್ಟಬೇಕಿಲ್ಲ. ಆದರೆ ಅಪರಾಧ ನಡೆದಂತೆ ಕಾಣುವ ಮಾಲಿಗೆ ಈ ದಾರಿ ಇಲ್ಲ, ತಪ್ಪು ಬೆಲೆ ಬರೆದ ಡಬ್ಬ ಆ ಗುಂಪಿಗೇ ಸೇರಿಬಿಡಬಹುದು. ಸುಮ್ಮನೆ ಬಿಟ್ಟುಬಿಡೋಣ ಅಂದರೆ, 30 ದಿನದೊಳಗೆ ಬಿಡಿಸಿಕೊಳ್ಳದ ಮಾಲನ್ನು ನೋಟಿಸ್ ಕೊಟ್ಟು ಮಾರಿಹಾಕಬಹುದು. ಅಂಗಡಿಗೆ ನೀವು ಕೊಟ್ಟ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ.

ಹಾಗಾಗಿ ಆರ್ಡರ್ ಒತ್ತುವ ಮುಂಚೆ ಅಂಗಡಿಯವನಿಗೆ ಒಂದು ಮೇಲ್ ಹಾಕಿ: ನಾನು ಕೊಟ್ಟ ಪೂರ್ತಿ ಬೆಲೆಯನ್ನೇ ಬರೆಯಿರಿ, ಗಿಫ್ಟ್ ಅಂತ ಬರೆಯಬೇಡಿ, ‘ಆಕ್ಸೆಸರಿ’ ಅಂತ ತೇಲಿಸದೆ ವಸ್ತು ಏನು ಅಂತ ಬಿಡಿಸಿ ಬರೆಯಿರಿ, ಇನ್‌ವಾಯ್ಸನ್ನು ಡಬ್ಬದ ಹೊರಗೆ ಅಂಟಿಸಿ. ಹೆಸರು ನಿಮ್ಮ ಆಧಾರ್ ಅಥವಾ ಪ್ಯಾನ್‌ನಲ್ಲಿರುವಂತೆಯೇ ಇರಲಿ, ಕೆವೈಸಿ ತಾಳೆಯಾಗದಿದ್ದರೆ ಅದೊಂದೇ ಕಾರಣಕ್ಕೆ ಪಾರ್ಸೆಲ್ ನಿಲ್ಲುತ್ತದೆ. ಡ್ರೋನ್, ಇ-ಸಿಗರೇಟ್ ತರಿಸುವ ಯೋಚನೆಯಿದ್ದರೆ ಕೈಬಿಡಿ. ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧವಿದೆ, ಸುಂಕ ಕಟ್ಟುತ್ತೇನೆ ಅಂದರೂ ಬಿಡುವುದಿಲ್ಲ.

ಪಾರ್ಸೆಲ್ ನಿಂತಿದ್ದಾಗಲೇ ನನ್ನ ಮೊಬೈಲಿಗೆ ಸುಂಕ ಬಾಕಿ ಎಂಬ ಮೆಸೇಜ್ ಕೂಡ ಬಂದಿತ್ತು, ಕೆಳಗೊಂದು ಲಿಂಕ್. ಅದನ್ನು ಒತ್ತದೆ, ಟ್ರ್ಯಾಕಿಂಗ್ ನಂಬರನ್ನು ಕೊರಿಯರ್‌ನ ವೆಬ್‌ಸೈಟಿನಲ್ಲಿ ನಾನೇ ಟೈಪ್ ಮಾಡಿ ನೋಡಿದರೆ ಅಲ್ಲಿ ಇನ್ನೂ ಸುಂಕವನ್ನೇ ನಿಗದಿ ಮಾಡಿರಲಿಲ್ಲ.